ಬ್ಯಾಂಕಿಗೆ ಬಾರದ 42,000 ರೂಪಾಯಿ

ಕಳೆದ ವರ್ಷದ ಹಿಂದಿನ ಮಳೆಗಾಲದ ಒಂದು ಭಾನುವಾರ, ಪೂಜೆ ಮುಗಿದ ಮೇಲೆ ನಾವು ಮೂವರು ಚರ್ಚಿನ ಹಾಲ್‌ನಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದೆವು. ನಮ್ಮಲ್ಲೊಬ್ಬಳಿಗೆ ಆದಾಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದಿತ್ತು. ಅವಳ ರಿಟರ್ನ್ ದೋಷಯುಕ್ತವಾಗಿದೆ, 15 ದಿನಗಳೊಳಗೆ ಸರಿಪಡಿಸಬೇಕು ಎಂದು ಅದರಲ್ಲಿತ್ತು. ಅವಳಿಗೆ ಬರಬೇಕಿದ್ದ 24,000 ರೂಪಾಯಿ ರೀಫಂಡ್ ಅಲ್ಲಿಯೇ ನಿಂತಿತ್ತು. ತಮ್ಮನ ಕಾಲೇಜು ಫೀಸಿಗೆಂದು ಆ ಹಣವನ್ನು ನಂಬಿಕೊಂಡಿದ್ದಳು.

ಅವಳು ಮನೆಯಲ್ಲೇ ಕುಳಿತು ಮಲಯಾಳಂನಿಂದ ಕನ್ನಡಕ್ಕೆ ಅನುವಾದ ಮಾಡುತ್ತಾಳೆ. ಕಾಸರಗೋಡಿನವರಾದ ನಮಗೆ ಎರಡೂ ಭಾಷೆ ಬರುತ್ತದಲ್ಲ! 2023ರ ಏಪ್ರಿಲ್‌ನಲ್ಲಿ ಒಂದು ಕಂಪನಿಯ ಕೆಲಸ ಹಿಡಿದಳು. ತಿಂಗಳಿಗೆ 20,000 ರೂಪಾಯಿಯ ಬಿಲ್. ಕಂಪನಿ ಶೇಕಡ 10ರಷ್ಟು ಟಿಡಿಎಸ್ ಹಿಡಿದು 18,000 ರೂಪಾಯಿಯನ್ನು ಮುಂದಿನ ತಿಂಗಳು ಖಾತೆಗೆ ಹಾಕುತ್ತಿತ್ತು. ಊರಿನವರ ಆಮಂತ್ರಣ ಪತ್ರಿಕೆ, ಸಣ್ಣಪುಟ್ಟ ಅನುವಾದದಿಂದ ವರ್ಷಕ್ಕೆ ಇನ್ನೂ 62,000 ಬಂದಿತ್ತು.

ರಿಟರ್ನ್ ತುಂಬುವಾಗ ಪಾಸ್‌ಬುಕ್ ನೋಡಿ ಕಂಪನಿಯಿಂದ ಬಂದದ್ದು 1,98,000 ಎಂದು ಬರೆದಿದ್ದಳು. ಆದರೆ ತೆರಿಗೆ ಪೋರ್ಟಲ್‌ನ Form 26ASನಲ್ಲಿ 2,40,000 ಎಂದಿತ್ತು. ವ್ಯತ್ಯಾಸ 42,000.

"ಬ್ಯಾಂಕಿಗೆ ಬಾರದ ಹಣ ನನ್ನ ಆದಾಯ ಹೇಗಾದೀತು ಮಾರಾಯ್ತಿ?" ಎಂದು ಕೇಳಿದಳು.

ಒಂದೊಂದೇ ಬಿಲ್ ಹಿಡಿದು ನೋಡಿದೆವು. ಹಣ ಬಂದಿದ್ದ 11 ಬಿಲ್‌ಗಳಲ್ಲಿ ತಲಾ 2,000ದಂತೆ 22,000 ಟಿಡಿಎಸ್ ಹೋಗಿತ್ತು. ಟಿಡಿಎಸ್ ಎಂದರೆ ನಮ್ಮ ಹೆಸರಿನಲ್ಲಿ, ನಮ್ಮ ಪ್ಯಾನ್‌ಗೆ ಕಂಪನಿ ಮೊದಲೇ ಕಟ್ಟಿದ ತೆರಿಗೆ. ಅದೂ ನಮ್ಮ ಸಂಪಾದನೆಯೇ. ಉಳಿದ 20,000 ಮಾರ್ಚ್ ತಿಂಗಳ ಬಿಲ್. ಕಂಪನಿ ಅದನ್ನು ಮಾರ್ಚ್‌ನಲ್ಲೇ ಲೆಕ್ಕಕ್ಕೆ ತೆಗೆದುಕೊಂಡು ಟಿಡಿಎಸ್ ಕಟ್ಟಿತ್ತು, ಹಣ ಕೈಗೆ ಬಂದದ್ದು ಏಪ್ರಿಲ್‌ನಲ್ಲಿ. 22,000 ಮತ್ತು 20,000 ಕೂಡಿದರೆ ಆ 42,000. ಪೂರ್ತಿ 24,000 ಟಿಡಿಎಸ್ ವಾಪಸ್ ಕೇಳಿ, ಅದಕ್ಕೆ ಸಂಬಂಧಿಸಿದ ಆದಾಯವನ್ನು ಕಡಿಮೆ ತೋರಿಸಿದ್ದರಿಂದಲೇ ನೋಟಿಸ್ ಬಂದಿತ್ತು.

ಮಾರ್ಚ್ ಬಿಲ್‌ಗೆ ಎರಡು ದಾರಿಗಳಿವೆ. ಬಿಲ್ ಮಾಡಿದ ವರ್ಷಕ್ಕೇ ಸೇರಿಸಬಹುದು. ಇಲ್ಲವೇ ಹಣ ಬಂದ ವರ್ಷಕ್ಕೆ ಸೇರಿಸಿ, ಅದರ ಟಿಡಿಎಸ್ಸನ್ನೂ ಮುಂದಿನ ವರ್ಷಕ್ಕೆ ಒಯ್ಯಬಹುದು. ಯಾವುದನ್ನು ಹಿಡಿದರೂ ಪ್ರತಿವರ್ಷ ಅದನ್ನೇ ಅನುಸರಿಸಬೇಕು. ನಾವು ಮೊದಲನೆಯದನ್ನು ಆರಿಸಿದೆವು, ಏಕೆಂದರೆ ಕಂಪನಿಯ ಲೆಕ್ಕಕ್ಕೆ ಅದೇ ಹೊಂದುತ್ತದೆ.

ಆಮೇಲೆ ಖರ್ಚು. ಜೂನ್‌ನಲ್ಲಿ ಕೆಲಸಕ್ಕೆಂದೇ 60,000ಕ್ಕೆ ಲ್ಯಾಪ್‌ಟಾಪ್ ಕೊಂಡಿದ್ದಳು. ಅದನ್ನು ಒಂದೇ ಸಲಕ್ಕೆ ಖರ್ಚೆಂದು ಕಳೆಯುವ ಹಾಗಿಲ್ಲ. ಸವಕಳಿ ಎಂದು ವರ್ಷಕ್ಕೆ ಶೇಕಡ 40, ಅಂದರೆ 24,000 ಕಳೆಯಬಹುದು. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಹಣವನ್ನು ಖಾತೆಯಿಂದಲೇ ಕೊಟ್ಟಿದ್ದು ಒಳ್ಳೆಯದಾಯಿತು. ಅಷ್ಟು ದೊಡ್ಡ ಮೊತ್ತವನ್ನು ನಗದಾಗಿ ಕೊಟ್ಟಿದ್ದರೆ ಸವಕಳಿ ಸಿಗುತ್ತಿರಲಿಲ್ಲ. ಇಂಟರ್‌ನೆಟ್ ಬಿಲ್ ವರ್ಷಕ್ಕೆ 8,400. ಮನೆಯವರೂ ಬಳಸುವುದರಿಂದ ಅರ್ಧ, 4,200 ಹಾಕಿದೆವು.

ಒಟ್ಟು ಆದಾಯ 3,02,000ದಲ್ಲಿ 28,200 ಕಳೆದರೆ ಉಳಿದದ್ದು 2,73,800. ಹೊಸ ಪದ್ಧತಿಯಲ್ಲಿ ಆ ವರ್ಷ 3 ಲಕ್ಷದವರೆಗೆ ತೆರಿಗೆಯೇ ಇರಲಿಲ್ಲ. ನಿಜವಾದ ಖರ್ಚು ತೋರಿಸುವುದರಿಂದ ITR-3ರಲ್ಲೇ ಸರಿಪಡಿಸಿ ಕಳಿಸಿದೆವು. ಕೆಲವು ವಾರಗಳ ನಂತರ 24,000 ಪೂರ್ತಿ ಅವಳ ಖಾತೆಗೆ ಬಂತು. ಫೀಸಿನ ಕೊನೆಯ ದಿನ ಅಷ್ಟರಲ್ಲಿ ದಾಟಿತ್ತು, ಅಪ್ಪ ಸಾಲ ಮಾಡಿ ಕಟ್ಟಿದ್ದರು.

ಅಂದಿನಿಂದ ನಾವು ಮೂವರೂ ಒಂದು ಶೀಟ್ ಇಟ್ಟಿದ್ದೇವೆ. ಬಿಲ್ ಕಳಿಸಿದ ದಿನವೇ ಒಂದು ಸಾಲು ಬರೆಯುತ್ತೇವೆ: ಬಿಲ್ ನಂಬರ್, ತಾರೀಕು, ಯಾರಿಗೆ, ಪೂರ್ತಿ ಮೊತ್ತ. ಹಣ ಬಂದಾಗ ಅದೇ ಸಾಲಿನಲ್ಲಿ ಟಿಡಿಎಸ್, ಕೈಗೆ ಬಂದದ್ದು, ಬಂದ ತಾರೀಕು. ಆದಾಯವನ್ನು "ಪೂರ್ತಿ ಮೊತ್ತ"ದ ಕಾಲಂನಿಂದ ಕೂಡುತ್ತೇವೆ, ಪಾಸ್‌ಬುಕ್‌ನಿಂದಲ್ಲ. ನಗದಾಗಿ ಸಿಕ್ಕಿದ 500 ರೂಪಾಯಿಗೂ ಒಂದು ಸಾಲು ಇದೆ. ಖರ್ಚಿಗೆ ಬೇರೆ ಹಾಳೆ. ರಸೀದಿಯ ಫೋಟೋವನ್ನು ಅಂದೇ ತೆಗೆದಿಡುತ್ತೇವೆ, ಅಂಗಡಿಯ ರಸೀದಿಯ ಅಕ್ಷರ ಆರು ತಿಂಗಳಲ್ಲಿ ಮಾಸಿಹೋಗುತ್ತದೆ. ಅಮ್ಮ ಮೀನಿಗೆಂದು ಕಳಿಸಿದ ಹಣ ಸಂಪಾದನೆಯ ಜೊತೆ ಬೆರೆಯದಿರಲೆಂದು ಕೆಲಸಕ್ಕೆ ಬೇರೆ ಖಾತೆ ತೆರೆದಿದ್ದೇವೆ.

ಮೂರು ತಿಂಗಳಿಗೊಮ್ಮೆ ಶೀಟನ್ನು 26AS ಜೊತೆ ಹೋಲಿಸುತ್ತೇವೆ. ಕಂಪನಿಗಳು ಟಿಡಿಎಸ್ ವಿವರ ಸಲ್ಲಿಸಿದ ಮೇಲೆಯೇ ಅದು ಅಲ್ಲಿ ಕಾಣುವುದು. ಜನವರಿಯಿಂದ ಮಾರ್ಚ್‌ವರೆಗಿನದಕ್ಕೆ ಮೇ 31ರ ತನಕ ಗಡುವಿದೆ. ಆದ್ದರಿಂದ ಏಪ್ರಿಲ್‌ನಲ್ಲೇ ಅವಸರಪಟ್ಟು ರಿಟರ್ನ್ ತುಂಬಿದರೆ ಕೊನೆಯ ಬಿಲ್‌ಗಳ ಟಿಡಿಎಸ್ ಕಾಣದೇ ಇರಬಹುದು. ಹಣ ಹಿಡಿದೂ ಅಲ್ಲಿ ಕಾಣದಿದ್ದರೆ, ಬಿಲ್ ನಂಬರ್ ಹಾಕಿ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಬರೆಯುತ್ತೇವೆ. ಹೋದ ಬಾರಿ ಅವಳ ಪ್ಯಾನ್‌ನಲ್ಲಿ ಒಂದು ಅಕ್ಷರ ತಪ್ಪಾಗಿದ್ದದ್ದು ಹೀಗೆಯೇ ಅಕ್ಟೋಬರ್ ಕೊನೆಗೆ ಗೊತ್ತಾಯಿತು. ಜುಲೈಯವರೆಗೆ ಕಾಯಬೇಕಾಗಲಿಲ್ಲ.

ಈ ವರ್ಷ ತಮ್ಮನ ಫೀಸನ್ನು ಅವಳೇ ಸಮಯಕ್ಕೆ ಸರಿಯಾಗಿ ಕಟ್ಟಿದಳು.