ಒಂದೇ ಒಲೆ, ಇಬ್ಬರ ಕಾಯಕ

ಪೂಜ್ಯ ಅಪ್ಪ ಹಾಗೂ ಅವ್ವ ಅವರಿಗೆ ನಿಮ್ಮ ಮಕ್ಕಳಿಬ್ಬರ ಶರಣು ಶರಣಾರ್ಥಿಗಳು.

2000ನೆಯ ಇಸವಿಯ ಬಸವ ಜಯಂತಿಯಂದು ನಮ್ಮೂರ ಮಠದ ಅಂಗಳದಲ್ಲಿ ನಡೆದ ಸಾಮೂಹಿಕ ವಿವಾಹದಲ್ಲಿ ನೀವು ಸತಿಪತಿಗಳಾದಿರಿ. 2025ರ ಬಸವ ಜಯಂತಿಗೆ ಆ ದಾಂಪತ್ಯಕ್ಕೆ 25 ವರ್ಷಗಳು ತುಂಬಿದವು. ಅಂದು ಬೆಳಗಿನಿಂದ ರಾತ್ರಿಯವರೆಗೆ ಖಾನಾವಳಿಯಲ್ಲಿ ಪಂಕ್ತಿಯ ಮೇಲೆ ಪಂಕ್ತಿ ಏಳುತ್ತಿದ್ದುದರಿಂದ ನಿಮ್ಮೊಡನೆ ನಾಲ್ಕು ಮಾತು ಆಡಲೂ ನಮಗೆ ಬಿಡುವು ದೊರೆಯಲಿಲ್ಲ. ಬಂಧುಗಳು ಬಂದು ಶಾಲು ಹೊದಿಸಿ, ‘ಆದರ್ಶ ದಂಪತಿಗಳು’ ಎಂದು ಹರಸಿ ಹೋದರು. ಆ ಮಾತು ಸತ್ಯವೇ. ಆದರೆ ಅವರು ನಿಮ್ಮನ್ನು ಹಬ್ಬ-ಹುಣ್ಣಿಮೆಗಳಲ್ಲಿ ಕಂಡವರು. ನಾವು ದಿನವೂ ಒಲೆಯ ಮುಂದೆ ಕಂಡವರು. ನಾವು ಕಂಡುದನ್ನು ಈ ಪುಟಗಳ ಮೂಲಕ ನಿಮ್ಮ ಮುಂದಿಡುತ್ತಿದ್ದೇವೆ.

2003ರ ಬರಗಾಲದಲ್ಲಿ ಹೊಲದ ಬಾವಿ ಬತ್ತಿತು. ಹಿರಿಯ ಮಗಳು ಇನ್ನೂ ಎಳೆಗೂಸು, ಕಿರಿಯ ಮಗ ಹುಟ್ಟಿರಲಿಲ್ಲ. ಊರನ್ನು ಬಿಟ್ಟು ಅಂದಿನ ಬಿಜಾಪುರಕ್ಕೆ, ಇಂದಿನ ವಿಜಯಪುರಕ್ಕೆ ಬಂದು, ಒಂದು ಓಣಿಯಲ್ಲಿ ಎರಡು ಕೋಣೆ ಹಿಡಿದು ಖಾನಾವಳಿ ತೆರೆದಿರಿ. ಅವ್ವನಿಗೆ ರೊಟ್ಟಿ ಬಡಿಯುವುದು ಬಾಲ್ಯದಿಂದ ಬಂದ ವಿದ್ಯೆ. ಅಪ್ಪನಿಗೆ ನೇಗಿಲು, ಕೂರಿಗೆಗಳ ಹೊರತು ಬೇರೇನೂ ತಿಳಿದಿರಲಿಲ್ಲ. ಬಡಿಸುವುದು, ಸಂತೆ ಮಾಡುವುದು, ಲೆಕ್ಕ ಬರೆಯುವುದು ಅಪ್ಪನ ಪಾಲಿಗೆ, ಒಲೆ ಅವ್ವನ ಪಾಲಿಗೆ ಎಂದು ಮೊದಲು ಹಂಚಿಕೊಂಡಿದ್ದಿರಂತೆ. ರೊಟ್ಟಿ ಬೇಯಿಸಲು ಬರುತ್ತಿದ್ದ ಅಜ್ಜಿ ಮೂರನೆಯ ತಿಂಗಳಿಗೇ ಮಗನ ಊರಿಗೆ ಹೊರಟುಹೋದಾಗ ಆ ಹಂಚಿಕೆ ಮುರಿಯಿತು. ಬಡಿಯುವವಳೇ ಬೇಯಿಸಲು ನಿಂತರೆ ಪಂಕ್ತಿಗೆ ರೊಟ್ಟಿ ಎಟುಕುವುದಿಲ್ಲ. ಆಳು ಇಡಲು ಕೈಯಲ್ಲಿ ಹಣವಿಲ್ಲ. ಅಂದು ಅಪ್ಪ ಪಂಚೆಯನ್ನು ಮೇಲಕ್ಕೆ ಕಟ್ಟಿ ಹಂಚಿನ ಮುಂದೆ ಕುಳಿತರು.

ಗಂಡಸು ಒಲೆಯ ಮುಂದೆ ಕುಳಿತುದನ್ನು ನೋಡಿ ನೆಂಟರು ನಕ್ಕರೆಂದು ಅಜ್ಜಿ ಹೇಳುತ್ತಿದ್ದರು. ನಗುವವರಿಗೆ ಆ ಕೆಲಸದ ಕಷ್ಟ ತಿಳಿದಿರಲಾರದು. ಜೋಳದ ಹಿಟ್ಟಿಗೆ ಗೋಧಿಯಂತೆ ತಾನಾಗಿ ಹಿಡಿದುಕೊಳ್ಳುವ ಗುಣವಿಲ್ಲ. ಕುದಿಯುವ ನೀರನ್ನು ಹಿಟ್ಟಿನ ನಡುವೆ ಹೊಯ್ದು ಕಲಸಿ, ಬಿಸಿ ಇರುವಾಗಲೇ ಚೆನ್ನಾಗಿ ನಾದಿದರೆ ಮಾತ್ರ ಅದಕ್ಕೆ ಜಿಗುಟು ಬರುತ್ತದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲಿನ ಒಣಹಿಟ್ಟನ್ನು ಸವರಿ ತೆಗೆಯಬೇಕು. ಆ ನೀರು ಆರತೊಡಗಿದ ಗಳಿಗೆಯಲ್ಲಿ ರೊಟ್ಟಿಯನ್ನು ತಿರುವಬೇಕು. ಅವಸರ ಮಾಡಿದರೆ ಹಸಿರೊಟ್ಟಿ ಕೈಯಲ್ಲೇ ಹರಿಯುತ್ತದೆ, ತಡ ಮಾಡಿದರೆ ಮೇಲ್ಮೈ ಬಿರಿಯುತ್ತದೆ, ಬಿರಿದದ್ದು ಉಬ್ಬುವುದಿಲ್ಲ. ಆ ಗಳಿಗೆಯನ್ನು ಗಡಿಯಾರ ಹೇಳದು, ರೊಟ್ಟಿಯ ಬಣ್ಣ ಹೇಳಬೇಕು. ಅದನ್ನು ಕಣ್ಣಿಗೆ ಹಿಡಿಸಿಕೊಳ್ಳಲು ಅಪ್ಪನಿಗೆ ಒಂದು ಮಳೆಗಾಲ ಬೇಕಾಯಿತಂತೆ. ಹರಿದ ರೊಟ್ಟಿಗಳನ್ನು ಅವ್ವ ಎಂದೂ ಎತ್ತಿ ತೋರಿಸಲಿಲ್ಲ. ರಾತ್ರಿ ಅವನ್ನೇ ಮಜ್ಜಿಗೆಯಲ್ಲಿ ಮುರಿದು ಹಾಕಿ ಇಬ್ಬರೂ ಉಂಡಿರಿ.

ನಮಗೆ ಬುದ್ಧಿ ತಿಳಿಯುವ ಹೊತ್ತಿಗೆ ನಿಮ್ಮ ಕೈಗಳು ಒಂದಕ್ಕೊಂದು ಹೊಂದಿಕೊಂಡಿದ್ದವು. ಅವ್ವನ ಹಲಗೆಯಿಂದ ರೊಟ್ಟಿ ಏಳುವುದಕ್ಕೂ ಅಪ್ಪನ ಹಂಚು ಬರಿದಾಗುವುದಕ್ಕೂ ಸರಿಹೋಗುತ್ತಿತ್ತು. ನಿಮಿಷಕ್ಕೊಂದು, ತಾಸಿಗೆ 60 ರೊಟ್ಟಿ. ನಿಮ್ಮಿಬ್ಬರಿಗೂ ಜಗಳವಾಗಲಿಲ್ಲವೆಂದು ಹೇಳಿದರೆ ಓದುಗರು ನಂಬಲಾರರು, ನಾವೂ ಹೇಳಲಾರೆವು. ಕಾಯಿಪಲ್ಲೆಗೆ ಹೆಚ್ಚು ಬೆಲೆ ಕೊಟ್ಟು ಬಂದರೆಂದು ಅವ್ವ ಮುನಿದದ್ದುಂಟು. ಉದ್ರಿ ಕೇಳಲು ಬಂದ ಹುಡುಗನನ್ನು ಗದರಿದರೆಂದು ಅಪ್ಪ ಮಾತು ಬಿಟ್ಟದ್ದುಂಟು. ಆದರೆ ಒಂದೇ ಒಲೆಯ ಎರಡು ಬದಿಗೆ ಕುಳಿತವರು ಬಹಳ ಹೊತ್ತು ಮೌನವಾಗಿರಲು ಬಾರದು. ‘ತಗೋರಿ’ ಎಂದು ಅವ್ವ ಹೇಳಲೇಬೇಕು, ‘ಉರಿ ಸಣ್ಣ ಆಗೇತಿ’ ಎಂದು ಅಪ್ಪ ಹೇಳಲೇಬೇಕು. ಬೆಳಗಿನ ಲಿಂಗಪೂಜೆ ಮುಗಿಯುವವರೆಗೆ ಬಿಗಿದಿದ್ದ ಮುಖಗಳು ಮೊದಲ ಬುಟ್ಟಿ ರೊಟ್ಟಿ ತುಂಬುವುದರೊಳಗೆ ಸಡಿಲವಾಗುತ್ತಿದ್ದುದನ್ನು ನಾವು ಶಾಲೆಯ ಚೀಲ ಹೊತ್ತುಕೊಂಡೇ ನೋಡಿದ್ದೇವೆ.

2012ರ ಒಂದು ಸಂಗತಿಯನ್ನು ಇಲ್ಲಿ ಬರೆಯಲೇಬೇಕು. ಮದುವೆಯ ಮನೆಯವರೊಬ್ಬರು ಬಂದು, ಮೂರು ದಿನಗಳಲ್ಲಿ 3000 ಕಡಕ್ ರೊಟ್ಟಿ ಬೇಕೆಂದು 5000 ರೂಪಾಯಿ ಮುಂಗಡ ಕೊಟ್ಟು ಹೋದರು. ನಮ್ಮ ಶಾಲೆಯ ಫೀ ಬಾಕಿ ಇದ್ದ ಕಾಲ ಅದು. ಅಪ್ಪ ಸಂತೋಷದಿಂದ ಹಣವನ್ನು ಅವ್ವನ ಕೈಗಿತ್ತರು. ಅವ್ವ ಹಣವನ್ನು ಎಣಿಸುವ ಬದಲು ಬೆರಳು ಮಡಚಿ ಲೆಕ್ಕ ಹಾಕಿದರು. ನಮ್ಮ ಅಳತೆಯಲ್ಲಿ ಕಿಲೋ ಹಿಟ್ಟಿಗೆ ಸುಮಾರು 20 ರೊಟ್ಟಿ, ಅಂದರೆ 150 ಕಿಲೋ ಹಿಟ್ಟು. ತಾಸಿಗೆ 60ರಂತೆ 50 ತಾಸಿನ ಕೆಲಸ. ಖಾನಾವಳಿಯ ನಿತ್ಯದ ಊಟವನ್ನು ನಿಲ್ಲಿಸದೆ ಇದನ್ನು ಮುಗಿಸಬೇಕೆಂದರೆ ಹೊರಗಿನಿಂದ ರೊಟ್ಟಿ ಕೊಂಡು ನಮ್ಮದೆಂದು ಕೊಡಬೇಕು. ಇಲ್ಲವೇ ಕಡಕ್ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ನಿಧಾನವಾಗಿ ಒಣಗಿಸುವ ಬದಲು ಅರೆಬರೆ ಒಣಗಿಸಿ ಕಟ್ಟಬೇಕು. ಒಳಗೆ ಪಸೆ ಉಳಿದ ರೊಟ್ಟಿ ಕೆಲವೇ ದಿನಗಳಲ್ಲಿ ಬೂಸು ಹಿಡಿಯುತ್ತದೆ.

‘ಮೂರು ದಿನದಾಗ ಮೂರು ಸಾವಿರ ಆಗೂದಿಲ್ರಿ. ಕೈಲಾಗದ್ದಕ್ಕ ರೊಕ್ಕ ತಗೊಂಡ್ರ ಅದು ನಮ್ಮದಲ್ಲ’ ಎಂದು ಅವ್ವ ಅಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಸೈಕಲ್ ತೆಗೆದುಕೊಂಡು ಹೊರಟರು. ಸಾವಿರ ರೊಟ್ಟಿಗೆ ಒಪ್ಪಿ, ಉಳಿದ ಮುಂಗಡವನ್ನು ಹಿಂದಿರುಗಿಸಿ ಬಂದರು. ಆ ಸಾವಿರಕ್ಕೆ 17 ತಾಸು ಬೇಕಾದವು. ಮೂರು ರಾತ್ರಿ ಊಟದ ಪಂಕ್ತಿ ಮುಗಿದ ಮೇಲೆ ಕುಳಿತು ಅದನ್ನು ಪೂರೈಸಿದಿರಿ. ಅಂದಿನ ತಿಂಗಳ ಫೀಯನ್ನು ಎರಡು ಕಂತಿನಲ್ಲಿ ಕಟ್ಟಬೇಕಾಯಿತು. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಮರಳಿ ಚೆಲ್ಲಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಮುಂದೆ ನಾವು ಪ್ರವಚನದಲ್ಲಿ ಕೇಳಿದೆವು. ಕೇಳುವಾಗ ಹನ್ನೆರಡನೆಯ ಶತಮಾನ ನಮಗೆ ದೂರವೆನಿಸಲಿಲ್ಲ. ಲಕ್ಕಮ್ಮನ ಮಾತು ದೊಡ್ಡದು. ಅದನ್ನು ಕೇಳಿ, ಮುನಿಯದೆ, ಅಕ್ಕಿ ಹೊತ್ತು ಹಿಂದಿರುಗಿದ ಮಾರಯ್ಯನ ನಡೆಯೂ ದೊಡ್ಡದು ಎಂಬುದನ್ನು ಅಪ್ಪನ ಸೈಕಲ್ಲು ನಮಗೆ ಮೊದಲೇ ತಿಳಿಸಿಕೊಟ್ಟಿತ್ತು.

ನಿಮ್ಮ ದಾಂಪತ್ಯದ ಕಠಿಣ ವರ್ಷ ಯಾವುದೆಂದು ಕೇಳಿದರೆ ನಾವು 2018 ಎನ್ನುತ್ತೇವೆ. ಆ ವರ್ಷ ಅವ್ವ ನಡುರಾತ್ರಿ ಎದ್ದು ಕುಳಿತು ಬಲಗೈಯನ್ನು ಕೊಡವುತ್ತಿದ್ದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಮರಗಟ್ಟುತ್ತಿದ್ದವು. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಕಂಡುಹಿಡಿದವರು ಅಪ್ಪ, ಅದೂ ರೊಟ್ಟಿಯಿಂದ. ಒಂದೇ ಸಮನಾಗಿ ಬಡಿದ ರೊಟ್ಟಿ ಹಂಚಿನ ಮೇಲೆ ಪೂರ್ತಿ ಉಬ್ಬುತ್ತದೆ. ಒಂದು ಕಡೆ ದಪ್ಪವಾದರೆ ತೆಳುವಾದ ಭಾಗವಷ್ಟೇ ಏಳುತ್ತದೆ. 15 ವರ್ಷ ಅವ್ವನ ಕೈಯ ರೊಟ್ಟಿ ಬೇಯಿಸಿದ ಅಪ್ಪ, ಒಂದು ವಾರದಿಂದ ಬಲಬದಿಯ ಅಂಚು ದಪ್ಪ ಉಳಿಯುತ್ತಿದೆಯೆಂದು ಗಮನಿಸಿ, ‘ಕೈ ತೋರ್ಸು’ ಎಂದರು. ಅಂದು ಸಂಜೆಯೇ ವೈದ್ಯರಲ್ಲಿಗೆ ಕರೆದೊಯ್ದರು.

ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ವರ್ಷಗಟ್ಟಲೆ ಒಂದೇ ಬಗೆಯಲ್ಲಿ ಕೈ ಬಡಿದುದು ಕಾರಣವಿರಬಹುದು ಎಂದು ವೈದ್ಯರು ತಿಳಿಸಿದರು. ರಾತ್ರಿ ಮಲಗುವಾಗ ಮಣಿಕಟ್ಟಿಗೆ ಪಟ್ಟಿ ಕಟ್ಟಬೇಕು, ಬಡಿಯುವುದನ್ನು ನಿಲ್ಲಿಸಬೇಕು, ಅಷ್ಟರಲ್ಲಿ ಗುಣವಾಗದಿದ್ದರೆ ಸಣ್ಣ ಶಸ್ತ್ರಚಿಕಿತ್ಸೆ ಬೇಕಾದೀತು ಎಂದರು. ಬಡಿಯುವುದನ್ನು ನಿಲ್ಲಿಸುವುದೆಂದರೆ ಖಾನಾವಳಿಯನ್ನೇ ನಿಲ್ಲಿಸುವುದು ಎಂದು ನಾವು ಅಂಜಿದೆವು. ಅವ್ವ ಆ ರಾತ್ರಿ ಉಣ್ಣಲಿಲ್ಲ. ಮರುದಿನ ಬೆಳಗ್ಗೆ ಅಪ್ಪ ಒಂದೂ ಮಾತಾಡದೆ ಹಲಗೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಹಂಚನ್ನು ಅವ್ವನಿಗೆ ಬಿಟ್ಟುಕೊಟ್ಟರು.

ಮೊದಲ ದಿನಗಳ ರೊಟ್ಟಿ ಅಂಗೈಯಗಲ, ದಪ್ಪ, ಅಂಚೆಲ್ಲ ಸೀಳು. ಊಟದ ಪಾಸು ಇದ್ದ ವಿದ್ಯಾರ್ಥಿಗಳು ‘ಅಕ್ಕಾರೆಲ್ಲಿ?’ ಎಂದು ಕೇಳಿದರು. ಅವ್ವ ಎಡಗೈಯಿಂದ ರೊಟ್ಟಿ ತಿರುವುತ್ತ, ಒಂದೊಂದಾಗಿ ಹೇಳಿಕೊಟ್ಟರು. ನಾದಿದ್ದು ಸಾಲದೆ ಅಂಚು ಸೀಳುತ್ತದೆ. ಹಲಗೆಗೆ ಒಣಹಿಟ್ಟು ಕಡಿಮೆಯಾದರೆ ರೊಟ್ಟಿ ತಿರುಗುವುದಿಲ್ಲ. ಬಡಿಯುವ ಕೈ ಅಂಚಿನ ಕಡೆಗೆ ಸಾಗಬೇಕು, ನಡುವೆ ನಿಲ್ಲಬಾರದು. ಬೀಸಿ ಬಹಳ ದಿನವಾದ ಹಿಟ್ಟಿನಲ್ಲಿ ಎಂಥ ಕೈಗೂ ರೊಟ್ಟಿ ಬಾರದು. ಮೊದಲು ಒಲೆಯ ಒಂದು ಬದಿಯಲ್ಲಿ ಅಪ್ಪ ಶಿಷ್ಯರಾಗಿದ್ದರು, ಈಗ ಇನ್ನೊಂದು ಬದಿಯಲ್ಲಿಯೂ ಆದರು. ನಾಲ್ಕು ತಿಂಗಳಲ್ಲಿ ಅವ್ವನ ಬೆರಳುಗಳ ಜೋಮು ಇಳಿಯಿತು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಅಷ್ಟರಲ್ಲಿ ಅಪ್ಪನ ರೊಟ್ಟಿಯೂ ಉಬ್ಬತೊಡಗಿತ್ತು. ಅಂದಿನಿಂದ ದಿನಕ್ಕೆ ಅರ್ಧ ಹೊತ್ತು ಅವರು, ಅರ್ಧ ಹೊತ್ತು ಇವರು. ಇಂದಿಗೂ ಬುಟ್ಟಿಯೊಳಗಿನ ರೊಟ್ಟಿ ಯಾರ ಕೈಯದೆಂದು ನಾವು ಹೇಳಬಲ್ಲೆವು. ಅಪ್ಪನದು ಕೂದಲೆಳೆಯಷ್ಟು ದಪ್ಪ.

ಅಪ್ಪ, ಅವ್ವ, ನಮ್ಮಲ್ಲಿ ಹಿರಿಯಳು ಈಗ ಶಾಲೆಯಲ್ಲಿ ಕಲಿಸುತ್ತಿದ್ದಾಳೆ, ಕಿರಿಯವನು ಕೃಷಿ ಕಾಲೇಜಿನಲ್ಲಿ ಕಲಿಯುತ್ತಿದ್ದಾನೆ. ಮುಂದೆ ನಮಗೂ ಸಂಸಾರಗಳಾಗುವವು. ಗಂಡಿನ ಕೆಲಸ, ಹೆಣ್ಣಿನ ಕೆಲಸ ಎಂದು ಗೆರೆ ಎಳೆಯುವವರು ನಮ್ಮ ಎದುರು ಬಂದಾಗ ನಾವು ವಾದಕ್ಕೆ ಇಳಿಯುವುದಿಲ್ಲ. ಹಲಗೆಯನ್ನು ತಮ್ಮ ಕಡೆಗೆ ಎಳೆದುಕೊಂಡ ಆ ಬೆಳಗು ನಮ್ಮ ಕಣ್ಣ ಮುಂದಿರುತ್ತದೆ. ಒಬ್ಬರ ಕೈ ಸೋತುದನ್ನು ಇನ್ನೊಬ್ಬರು ಹೇಳಿಸಿಕೊಳ್ಳದೆ ತಿಳಿಯಬೇಕಾದರೆ ಎಷ್ಟು ಹತ್ತಿರ ಕುಳಿತು, ಎಷ್ಟು ಗಮನವಿಟ್ಟು ದುಡಿದಿರಬೇಕೆಂಬುದು ನಮಗೆ ಗೊತ್ತಿದೆ.

ಬಂಗಾರದ ಉಡುಗೊರೆ ಬೇಡವೆಂದು ನೀವು ಮೊದಲೇ ಎಚ್ಚರಿಸಿದ್ದೀರಿ. ಆದ್ದರಿಂದ ಹಿರಿಯಳ ಸಂಬಳದ ಉಳಿತಾಯದಲ್ಲಿ ಅಡುಗೆಮನೆಯ ಒಂದು ಗೋಡೆಗೆ ಸೊಂಟದೆತ್ತರದ ಕಟ್ಟೆಯನ್ನು ಕಟ್ಟಿಸುತ್ತಿದ್ದೇವೆ. ಒಲೆ, ಹಂಚು, ಹಲಗೆ ಮೂರೂ ಅದರ ಮೇಲೆ ಬರುತ್ತವೆ. ನೆಲದಲ್ಲಿ ಕುಳಿತು ಏಳುವಾಗ ಅಪ್ಪ ಮೊಳಕಾಲನ್ನು ಹಿಡಿದುಕೊಳ್ಳುವುದನ್ನು ನಾವೂ ಗಮನಿಸಿದ್ದೇವೆ. ಕಟ್ಟೆ ಆರಿದ ಮೇಲೆ ಬರುವ ಅಮಾವಾಸ್ಯೆ ಖಾನಾವಳಿಗೆ ರಜೆಯ ದಿನ. ಅಂದು ಹೊಸ ಒಲೆಗೆ ನಾವಿಬ್ಬರೇ ಉರಿ ಇಡುತ್ತೇವೆ. ಅಕ್ಕ ಬಡಿಯುತ್ತಾಳೆ, ತಮ್ಮ ಬೇಯಿಸುತ್ತಾನೆ. ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇರುತ್ತವೆ.

25 ವರ್ಷಗಳಲ್ಲಿ ನೀವಿಬ್ಬರೂ ಎಲ್ಲರಿಗೂ ಬಡಿಸಿದ ಮೇಲೆ ಕೊನೆಗೆ ಉಂಡವರು. ಆ ದಿನ ಮಾತ್ರ ಮೊದಲ ಪಂಕ್ತಿಯಲ್ಲಿ ಜೊತೆಯಾಗಿ ಕೂಡಬೇಕು, ರೊಟ್ಟಿ ಬಿಸಿ ಇರುವಾಗಲೇ ಮುರಿಯಬೇಕು. ದಪ್ಪವಾಗಿದ್ದರೆ ಹೇಳಿರಿ, ತಿದ್ದಿಕೊಳ್ಳುತ್ತೇವೆ.

ನಿಮ್ಮ ಮಕ್ಕಳು