ಎಮ್ಮೆದೊಡ್ಡಿ ಲೈನಿನ ಲೆಕ್ಕ

ಎಮ್ಮೆದೊಡ್ಡಿಯ ಒಂದು ದಿನಸಿ ಅಂಗಡಿಯ ಗಲ್ಲಾ ಪಕ್ಕ ನೀವು ನಿಂತಿದ್ದೀರಿ. ಹಳೆಯ ಡಿಸ್ಟ್ರಿಬ್ಯೂಟರ್ ಗಾಡಿ ಕಡೂರಿನಿಂದ ಈ ಕಡೆಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಬಿಸ್ಕತ್ತು, ಸೋಪು ಮಾರುವ ಕಂಪನಿಯೊಂದು ಇಲ್ಲೇ ಒಬ್ಬ ಡಿಸ್ಟ್ರಿಬ್ಯೂಟರನ್ನು ನೇಮಿಸಲು ಹೊರಟಿದೆ.

"ತಿಂಗಳಿಗೆ 6 ಲಕ್ಷ ಟಾರ್ಗೆಟ್, ಯಜಮಾನ್ರೇ. ಮಾರ್ಜಿನ್ 5 ಪರ್ಸೆಂಟ್. 30 ಸಾವಿರ ನಿಮ್ಮ ಕೈಗೆ" ಅನ್ನುತ್ತಾರೆ ಸೇಲ್ಸ್ ಆಫೀಸರ್.

"6 ಲಕ್ಷ ಯಾವ ಲೆಕ್ಕ ಸರ್?"

ಜಿಲ್ಲೆಯ ಟಾರ್ಗೆಟ್ ಹಂಚಿ ಬಂದ ಲೆಕ್ಕ ಅದು. ಯಜಮಾನರು ಕ್ಯಾಲೆಂಡರ್ ಹಾಳೆ ತಿರುಗಿಸಿ, ಹಿಂಬದಿಯಲ್ಲಿ ಊರೂರಿನ ಅಂಗಡಿ ಬರೆಯುತ್ತಾ ಹೋಗುತ್ತಾರೆ. 90 ಆದವು. ವಾರಕ್ಕೊಂದು ಸಲ ಗಾಡಿ ಹೋಗಿ, ಅಂಗಡಿಗೆ ಸರಾಸರಿ 1,000 ರೂಪಾಯಿ ಮಾಲು ಇಳಿದರೆ ತಿಂಗಳಿಗೆ 3.6 ಲಕ್ಷ. ಮಾರ್ಜಿನ್ 18 ಸಾವಿರ. ಗೂಡ್ಸ್ ಆಟೊ, ಡೀಸೆಲ್, ಡ್ರೈವರ್ ಸೇರಿ 11 ಸಾವಿರ, ಆರ್ಡರ್ ಬರೆಯುವ ಹುಡುಗನಿಗೆ 9 ಸಾವಿರ. ಮಾರ್ಜಿನ್ ಪೂರ್ತಿ ಹೋಗಿ, ಕೈಯಿಂದ 2 ಸಾವಿರ ಹಾಕಬೇಕು.

ಪರ್ಸೆಂಟ್ ಕೇಳಿ ಒಪ್ಪಿಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಟಾರ್ಗೆಟ್ ಮುಟ್ಟಿಸಲು ತಿಂಗಳ ಕೊನೆಯಲ್ಲಿ ಕಂಪನಿ ಮಾಲು ತುಂಬುತ್ತದೆ. ಕಂಪನಿ ಪುಸ್ತಕದಲ್ಲಿ ಅದು ಮಾರಾಟ, ಡಿಸ್ಟ್ರಿಬ್ಯೂಟರ್ ಗೋಡೌನಿನಲ್ಲಿ ಕೊಳೆಯುವ ದುಡ್ಡು. ಕಂಪನಿಯಿಂದ ಬಂದ ಬಿಲ್ಲು ಮತ್ತು ಅಂಗಡಿಗಳಿಗೆ ಹೋದ ಬಿಲ್ಲು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಎದ್ದು ಕಾಣುತ್ತದೆ.

ಆಫೀಸರ್ ಮೇಲಿನವರಿಗೆ ಫೋನ್ ಮಾಡಿ ಬರುತ್ತಾರೆ. ಟಾರ್ಗೆಟ್ 3.6 ಲಕ್ಷಕ್ಕೆ ಇಳಿಯುತ್ತದೆ. ಹುಡುಗನ ಸಂಬಳ ಒಂದು ವರ್ಷ ಕಂಪನಿಯದು. ಈಗ ಯಜಮಾನರಿಗೆ 7 ಸಾವಿರ ಉಳಿಯುತ್ತದೆ. ಇನ್ನು ಬಂಡವಾಳ: ಎರಡು ವಾರದ ಸ್ಟಾಕಿಗೆ 1.8 ಲಕ್ಷ, ಅಂಗಡಿಗಳಲ್ಲಿ ಒಂದು ವಾರ ನಿಲ್ಲುವ ಕಡಕ್ಕೆ 90 ಸಾವಿರ, ಕಂಪನಿಯಿಂದ ಬರಬೇಕಾದ ಸ್ಕೀಮ್ ಕ್ಲೇಮಿಗೆ 10 ಸಾವಿರ. ಹಾಕಿದ 2.8 ಲಕ್ಷಕ್ಕೆ ತಿಂಗಳಿಗೆ ಎರಡೂವರೆ ಪರ್ಸೆಂಟ್. ಹಗಲೆಲ್ಲ ದುಡಿಯುವವರಿಗೆ ಇದು ಹೆಚ್ಚೇನಲ್ಲ, ಆದರೆ ನಿಲ್ಲುವ ವ್ಯಾಪಾರ.

"ಕಡ ಒಂದು ವಾರಕ್ಕೆ ಬರುತ್ತಾ?" ಆಫೀಸರ್ ಕೇಳುತ್ತಾರೆ.

"ರಾಗಿ ಮಾರಿದ ತಿಂಗಳು ಬರುತ್ತೆ. ಬೇರೆ ದಿನ ಮೂರು ವಾರವೂ ಆಗುತ್ತೆ" ಅನ್ನುತ್ತಾರೆ ಯಜಮಾನರು. ಹಾಗಾದಾಗ ಕಡದಲ್ಲೇ 2.7 ಲಕ್ಷ ನಿಂತು, ಬಂಡವಾಳ 4.6 ಲಕ್ಷಕ್ಕೆ ಏರುತ್ತದೆ, ಲಾಭ ಅದೇ 7 ಸಾವಿರ. ಅದಕ್ಕೇ ಹಳೇ ಬಾಕಿ ಕೊಡದ ಅಂಗಡಿಗೆ ಹೊಸ ಬಿಲ್ಲು ಬೇಡ ಎಂದು ಇಬ್ಬರೂ ಒಪ್ಪುತ್ತಾರೆ.

ಮಾತು ಕಾಗದಕ್ಕೆ ಇಳಿಯುತ್ತದೆ. ಲೈನಿನ ಊರುಗಳ ಹೆಸರು ಒಂದೊಂದಾಗಿ, ಕಡೂರಿನ ಡಿಸ್ಟ್ರಿಬ್ಯೂಟರ್ ಆ ಊರುಗಳಿಗೆ ಮಾಲು ಹಾಕುವಂತಿಲ್ಲ ಎಂಬ ಸಾಲು, ಅವಧಿ ಮುಗಿದ ಮಾಲು ವಾಪಸ್, ಕ್ಲೇಮ್ 30 ದಿನದೊಳಗೆ. ಹುಡುಗನ ಸಂಬಳದ ಮಾತು ಮಾತ್ರ ಬಿಟ್ಟುಹೋಗಿದೆ.

"ಅದು ಹೇಳಿದ್ದೀವಲ್ಲ" ಅನ್ನುತ್ತಾರೆ ಆಫೀಸರ್.

"ನೀವು ಟ್ರಾನ್ಸ್‌ಫರ್ ಆದ್ರೆ ನಾನು ಯಾರನ್ನ ಕೇಳಲಿ? ಬರೆದು ಕೊಡಿ ಸರ್."

ಅದು ಬರೆದಾದ ಮೇಲೆಯೇ ಯಜಮಾನರು ಸಹಿ ಹಾಕುತ್ತಾರೆ. ನೀವೂ ನೇಮಕದ ಪತ್ರ ಹಿಡಿದು ಕೂತಿದ್ದರೆ, ಮೊದಲು ನಿಮ್ಮ ಲೈನಿನ ಅಂಗಡಿ ಎಣಿಸಿ.