ಬಾಗಿಲ ಹಿಂದಿನ ನೋಟಿಸು

ಪಿ.ಜಿ. ನೋಡಲು ಹೋದವರು ಮೊದಲು ಹಾಸಿಗೆ ಒತ್ತಿ ನೋಡುತ್ತಾರೆ, ಆಮೇಲೆ ನಲ್ಲಿ ತಿರುಗಿಸುತ್ತಾರೆ, ಕೊನೆಗೆ ವೈಫೈ ವೇಗ ಕೇಳುತ್ತಾರೆ. ನಾನು ಮಾತ್ರ ಗೋಡೆಯ ನೋಟಿಸಿನ ಮುಂದೆ ನಿಂತುಬಿಡುತ್ತೇನೆ. ಬೆಂಗಳೂರಿನಲ್ಲಿ ಮೊದಲ ಕೆಲಸ ಹಿಡಿದ ಅಕ್ಕನ ಮಗನಿಗಾಗಿ ಬಿ.ಟಿ.ಎಂ. ಲೇಔಟಿನ ಅಡ್ಡರಸ್ತೆಗಳನ್ನು ಸುತ್ತಿದಾಗ ಅವನಿಗೆ ಇದೇ ಬೇಸರ. 'ಮಾಮ, ಎಲ್ಲ ಕಡೆ ಅದೇ ಇರುತ್ತೆ ಬನ್ನಿ' ಎಂದು ತೋಳು ಎಳೆಯುತ್ತಿದ್ದ. ಅದೇ ಇರುವುದಿಲ್ಲ. ಲ್ಯಾಮಿನೇಷನ್ ಮಾಡಿಸಿದ ಅಚ್ಚಿನ ಹಾಳೆ ಎಲ್ಲ ಕಡೆ ಒಂದೇ ಎಂಬುದು ನಿಜ. ಒಬ್ಬ ಓನರ್ ಇನ್ನೊಬ್ಬನ ಹಾಳೆಯ ಫೋಟೊ ತೆಗೆದು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಹೆಸರು ಮಾತ್ರ ಬದಲಿಸಿ ಪ್ರಿಂಟ್ ಹೊಡೆಸಿರುತ್ತಾನೆ. ಆದರೆ ಆ ಹಾಳೆಯ ಕೆಳಗೆ, ಪಕ್ಕದಲ್ಲಿ, ಕೆಲವೊಮ್ಮೆ ಮೇಲೆಯೇ ಸ್ಕೆಚ್ ಪೆನ್ನಿನಲ್ಲಿ ಸೇರಿಸಿದ ಸಾಲುಗಳಿರುತ್ತವಲ್ಲ, ಅವು ಆ ಮನೆಯದೇ ಚರಿತ್ರೆ. ಅಚ್ಚಿನ ನಿಯಮ ಎಲ್ಲೋ ಯಾರೋ ಮಾಡಿದ ತಪ್ಪಿಗೆ ಹುಟ್ಟಿದ್ದು. ಕೈಬರಹದ ನಿಯಮ ಇದೇ ಮೆಟ್ಟಿಲ ಮೇಲೆ, ಇದೇ ಬಚ್ಚಲಲ್ಲಿ ನಡೆದದ್ದಕ್ಕೆ ಸಾಕ್ಷಿ.

ನಾವು ಕೊನೆಗೆ ಒಪ್ಪಿದ ಮನೆಯ ನೋಟಿಸಿನಲ್ಲಿ ಮೊದಲ ಸಾಲು ಗೇಟಿನದು. 'ರಾತ್ರಿ 10.30ಕ್ಕೆ ಗೇಟ್ ಬಂದ್.' ಅದು ಅಚ್ಚು. ಕೆಳಗೆ ನೀಲಿ ಶಾಯಿಯಲ್ಲಿ: 'ನೈಟ್ ಶಿಫ್ಟ್ ಇದ್ದವರು ಕಂಪನಿ ಐ.ಡಿ. ತೋರಿಸಿ ಕೀ ತಗೊಳ್ಳಿ.' ಅದರ ಕೆಳಗೆ ಕೆಂಪಿನಲ್ಲಿ: 'ಕೀ ಬೇರೆಯವರಿಗೆ ಕೊಡಬೇಡಿ.' ಮೂರು ಬಣ್ಣ, ಮೂರು ಕಾಲ. ಮೊದಲು ಕಟ್ಟಳೆ ಬಂತು. ಆಮೇಲೆ ಊರಿನ ಉದ್ಯೋಗವೇ ರಾತ್ರಿಪಾಳಿಯದು ಎಂದು ತಿಳಿದು ವಿನಾಯಿತಿ ಬಂತು. ವಿನಾಯಿತಿಯ ಬೀಗದ ಕೈ ನೈಟ್ ಶಿಫ್ಟಿಲ್ಲದವನ ಜೇಬಿಗೂ ಹೋಗಿ ಸೆಕೆಂಡ್ ಶೋ ಸಿನಿಮಾ ನೋಡಿಕೊಂಡು ಬಂದ ಮೇಲೆ ಮೂರನೆಯ ಸಾಲು ಬಂತು.

ಆ ಮನೆಯನ್ನು ನಡೆಸುವವರು ನೆಲ್ಲೂರಿನ ಕಡೆಯವರು. ಹುಡುಗರೆಲ್ಲ ಅವರನ್ನು ಅಂಕಲ್ ಎನ್ನುತ್ತಾರೆ, ಅವರು ಹುಡುಗರನ್ನು ತಮ್ಮಾ ಎನ್ನುತ್ತಾರೆ. ಓನರ್ ಎಂದು ಕರೆದರೂ ಕಟ್ಟಡ ಅವರದಲ್ಲ. ಇಂಥ ಬಹಳ ಮನೆಗಳಲ್ಲಿ ಹೀಗೆಯೇ: ಕಟ್ಟಡದ ಮಾಲೀಕ ಬೇರೆ, ಲೀಸಿಗೆ ಹಿಡಿದು ಪಿ.ಜಿ. ನಡೆಸುವವರು ಬೇರೆ. ಮಂಚಗಳು ಖಾಲಿ ಬಿದ್ದರೂ ತಿಂಗಳ ಬಾಡಿಗೆ ಮೇಲಿನವರಿಗೆ ಹೋಗಲೇಬೇಕು. ಇದು ಗೊತ್ತಿಲ್ಲದವರಿಗೆ ನೋಟಿಸು ಬರಿಯ ಜಬರ್ದಸ್ತಿಯಾಗಿ ಕಾಣುತ್ತದೆ. ಗೊತ್ತಿದ್ದರೆ ಒಂದೊಂದು ಸಾಲಿನ ಹಿಂದೆಯೂ ಒಂದು ಲೆಕ್ಕ ಕಾಣುತ್ತದೆ.

ಅತಿಥಿಗಳ ಸಾಲನ್ನೇ ತಗೊಳ್ಳಿ. 'ಗೆಸ್ಟ್ ಬಂದರೆ ಮೊದಲೇ ಹೇಳಬೇಕು. ರಾತ್ರಿ ಉಳಿದರೆ ದಿನಕ್ಕೆ 300 ರೂ.' ಅಕ್ಕನ ಮಗ ಇದನ್ನು ಓದಿ, 'ನನ್ನ ಮಂಚದಲ್ಲೇ ನನ್ನ ಫ್ರೆಂಡ್ ಮಲಗಿದರೆ ಇವರಿಗೇನು ಖರ್ಚು?' ಎಂದ. ಅಂಕಲ್‌ಗೆ ಅದು ಕೇಳಿಸಿತು. ಸಿಟ್ಟಾಗಲಿಲ್ಲ. 'ತಮ್ಮಾ, ಮಂಚಕ್ಕೆ ಅಲ್ಲ ದುಡ್ಡು, ನೀರಿಗೆ' ಎಂದರು. ಆ ಒಂದು ಮಾತನ್ನು ನಾನು ಆಮೇಲೆ ಕೂತು ಬಿಡಿಸಿ ನೋಡಿದೆ.

ಮನೆಯಲ್ಲಿ ನಲವತ್ತು ಹುಡುಗರು. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂದು ಹಿಡಿದರೆ 5,400 ಲೀಟರ್ ಬೇಕು. ಬೋರ್‌ವೆಲ್ ಬತ್ತಿದ ಬೇಸಿಗೆಯಲ್ಲಿ ಬಂದು ನಿಲ್ಲುವ ಸಣ್ಣ ಟ್ಯಾಂಕರಿನಲ್ಲಿ ಇರುವುದು 6,000 ಲೀಟರ್. ಅಂದರೆ ದಿನದ ಕೊನೆಗೆ ಸಂಪಿನಲ್ಲಿ ಉಳಿಯುವುದು 600. ಅದರಲ್ಲಿ ನಾಲ್ಕು ಜನ ಗೆಸ್ಟ್ ಸ್ನಾನ ಮಾಡಿ ಹೋಗಬಹುದು. ಐದನೆಯವನು ಬಂದರೆ ಭಾನುವಾರ ಬೆಳಿಗ್ಗೆ ಯಾರೋ ಒಬ್ಬನ ಮೈಮೇಲೆ ಸೋಪಿನ ನೊರೆ ಇರುವಾಗಲೇ ನಲ್ಲಿ ಉಸಿರು ಬಿಡುತ್ತದೆ. ಗೆಸ್ಟುಗಳು ಬರುವುದೂ ಶನಿವಾರವೇ, ಎಲ್ಲರೂ ಬಟ್ಟೆ ಒಗೆಯುವುದೂ ಆ ಎರಡು ದಿನವೇ. 2024ರ ಬೇಸಿಗೆಯ ನೀರಿನ ಬವಣೆಯಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ, ಅದರಾಚೆ 10 ಕಿಲೋಮೀಟರ್‌ವರೆಗೆ 750 ರೂಪಾಯಿ ಎಂದು ದರ ಕಟ್ಟಬೇಕಾಗಿ ಬಂದಿತ್ತು. ಕಟ್ಟಿದ ದರಕ್ಕೆ ಲಾರಿ ಕರೆದ ಹೊತ್ತಿಗೆ ಬಂತೇ ಎಂಬುದು ಸಂಪಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ಬಗ್ಗಿ ನೋಡಿದವರಿಗೇ ಗೊತ್ತು. ಐದನೆಯ ಅತಿಥಿಗಾಗಿ ಇನ್ನೊಂದು ಪೂರ್ತಿ ಟ್ಯಾಂಕರ್ ತರಿಸಬೇಕು. ಅರ್ಧ ಟ್ಯಾಂಕರ್ ಯಾರೂ ತರುವುದಿಲ್ಲ. ಮುನ್ನೂರು ರೂಪಾಯಿ ದುಬಾರಿ ಹೌದು, ಆದರೆ ಗಾಳಿಯಿಂದ ಬಂದ ಅಂಕಿಯಲ್ಲ.

ನೀರಿನಿಂದ ಬಿಸಿನೀರಿಗೆ ಬರೋಣ. 'ಬಿಸಿನೀರು ಬೆಳಿಗ್ಗೆ 6ರಿಂದ 9' ಎಂಬುದು ಅಚ್ಚಿನ ಸಾಲು. ಕೈಬರಹದಲ್ಲಿ, 'ಮೊದಲು ಬರುವ ತಣ್ಣೀರು ಚೆಲ್ಲಬೇಡಿ, ಬಕೆಟ್‌ನಲ್ಲಿ ಹಿಡಿಯಿರಿ.' ಈ ಎರಡನೆಯ ಸಾಲನ್ನು ಬರೆದವರು ನೀರಿನ ನಡೆ ಬಲ್ಲವರು. ಸೋಲಾರ್ ಟ್ಯಾಂಕ್ ಇರುವುದು ತಾರಸಿಯಲ್ಲಿ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರು ತಣ್ಣಗಾಗಿರುತ್ತದೆ. ಅದು ಪೂರ್ತಿ ಹರಿದುಹೋದ ಮೇಲೆಯೇ ಬಿಸಿ ಬರುವುದು. ಮೂರನೆಯ ಮಹಡಿಯವನಿಗೆ ಎರಡು ಚೊಂಬು ತಣ್ಣೀರಾದ ಮೇಲೆ ಬಿಸಿ. ನೆಲಮಹಡಿಯವನಿಗೆ ಒಂದು ಬಕೆಟ್ ಕಾಯಬೇಕು, ಅಷ್ಟರಲ್ಲಿ ಮೇಲಿನವರು ಬಳಸಿದಷ್ಟೂ ಟ್ಯಾಂಕಿಗೆ ಹೊಸ ತಣ್ಣೀರು ಸೇರಿ ಇದ್ದ ಬಿಸಿಯೂ ಇಳಿದಿರುತ್ತದೆ. ಪಂಕ್ತಿಯ ಕೊನೆಯಲ್ಲಿ ಕೂತವನ ಎಲೆಗೆ ಬರುವ ಪಾಯಸದ ಹಾಗೆ, ಅವನಿಗೆ ಸಿಗುವುದು ಹೆಸರಿಗೆ ಬಿಸಿನೀರು. ಎಂಟೂವರೆಗೆ ಎದ್ದು 'ಗೀಸರ್ ಕೆಟ್ಟಿದೆ' ಎಂದು ದೂರುವವನಿಗೆ ಅಂಕಲ್ ಕೇಳುವುದು ಒಂದೇ ಪ್ರಶ್ನೆ: 'ಯಾವ ಫ್ಲೋರ್?' ಮೋಡ ಮುಸುಕಿದ ಜುಲೈನಲ್ಲಿ ಈ ಪ್ರಶ್ನೆಗೂ ಅರ್ಥವಿರುವುದಿಲ್ಲ, ಆಗ ಎಲ್ಲ ಮಹಡಿಯೂ ಒಂದೇ.

ವಿದ್ಯುತ್ತಿನ ಸಾಲು ನೋಟಿಸಿನಲ್ಲಿ ದಪ್ಪ ಅಕ್ಷರದಲ್ಲಿದೆ: 'ರೂಮಿನಲ್ಲಿ ಇಂಡಕ್ಷನ್, ಕೆಟಲ್, ಇಸ್ತ್ರಿಪೆಟ್ಟಿಗೆ ಬಳಸಬಾರದು.' ಇದನ್ನು ಕೇವಲ ಕರೆಂಟ್ ಬಿಲ್ಲಿನ ಜಿಪುಣತನ ಎಂದುಕೊಂಡರೆ ತಪ್ಪಾಗುತ್ತದೆ. ಇಂಡಕ್ಷನ್ ಒಲೆ 2,000 ವ್ಯಾಟ್ ಎಳೆಯುತ್ತದೆ; ನಮ್ಮ 230 ವೋಲ್ಟಿನಲ್ಲಿ ಅದು ಹೆಚ್ಚುಕಡಿಮೆ 9 ಆಂಪಿಯರ್. ಮಂಚದ ತಲೆಯ ಬಳಿ ಫೋನ್ ಚಾರ್ಜಿಗೆಂದು ಕೊಟ್ಟ ಸಣ್ಣ ಸಾಕೆಟ್ 6 ಆಂಪಿಯರಿನದು. ಅದೃಷ್ಟವಿದ್ದರೆ ಎಂ.ಸಿ.ಬಿ. ಬಿದ್ದು ಮಹಡಿಗೆಲ್ಲ ಕತ್ತಲು, ಅದೃಷ್ಟವಿಲ್ಲದಿದ್ದರೆ ಎಂ.ಸಿ.ಬಿ. ಬೀಳದೆ ಗೋಡೆಯೊಳಗಿನ ವೈರು ಕಾಯುತ್ತದೆ. ಪ್ಲಗ್ಗಿನ ಸುತ್ತ ಕಂದುಬಣ್ಣದ ಕಲೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಅದರ ಗುರುತು. ರೂಮು ನೋಡಲು ಹೋದಾಗ ಹಾಸಿಗೆಯ ಬದಲು ಸಾಕೆಟ್ಟನ್ನು ನೋಡಿದರೆ ಹಿಂದಿನವನ ಅಡುಗೆಯ ಚಾಳಿ ತಿಳಿಯುತ್ತದೆ. ಅಂಕಲ್ ಮಾತ್ರ ಇಷ್ಟೆಲ್ಲ ಪರೀಕ್ಷೆ ಮಾಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಎರಡನೆಯ ಮಹಡಿ ಕತ್ತಲಾದರೆ ಮೆಟ್ಟಿಲು ಹತ್ತಿ ಪ್ರತಿ ಬಾಗಿಲ ಮುಂದೆ ಮೂಗು ಒಡ್ಡುತ್ತಾರಂತೆ. ನೂಡಲ್ಸ್ ಮಸಾಲೆಗೆ ಚಿಲಕ ಹಾಕುವುದು ಯಾರಿಂದಲೂ ಆಗಿಲ್ಲ.

ಫ್ರಿಜ್ಜು, ವಾಷಿಂಗ್ ಮಷೀನು, ಊಟದ ಹೊತ್ತು, ಇವುಗಳ ನಿಯಮಗಳಲ್ಲಿ ಹುಡುಗರೇ ಅರ್ಧ ಕವಿಗಳು. 'ಫ್ರಿಜ್ಜಿನಲ್ಲಿಟ್ಟದ್ದಕ್ಕೆ ಹೆಸರು ಬರೆಯಿರಿ' ಎಂಬ ಸಾಲಿನ ಕೆಳಗೆ ಯಾರೋ ಪೆನ್ಸಿಲ್ಲಿನಲ್ಲಿ, 'ಬರೆದಿದ್ದೆ. ಹೆಸರು ಇದೆ, ಮೊಸರು ಇಲ್ಲ' ಎಂದು ಗೀಚಿದ್ದರು. ಅಂಕಲ್ ಅದನ್ನು ಅಳಿಸಿಲ್ಲ. ರಾತ್ರಿ ಊಟ ಎಂಟರಿಂದ ಹತ್ತು. ಹತ್ತರ ಮೇಲೆ ಬರುವವರು ಸಂಜೆ ಏಳರೊಳಗೆ ವಾಟ್ಸಾಪ್‌ನಲ್ಲಿ ಹೇಳಿದರೆ ತಟ್ಟೆ ಮುಚ್ಚಿಟ್ಟಿರುತ್ತಾರೆ. ಹೇಳದವರಿಗೆ ತಿಳಿಸಾರು ಸಿಗುತ್ತದೆ, ಪಲ್ಯ ಸಿಗುವುದಿಲ್ಲ.

ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿರುವುದು ಮನೆ ಬಿಡುವ ಸಾಲು, ದುಡ್ಡು ಹೋಗುವುದೂ ಅಲ್ಲೇ. 'ಖಾಲಿ ಮಾಡುವವರು ತಿಂಗಳ 1ನೇ ತಾರೀಖಿನೊಳಗೆ ತಿಳಿಸಬೇಕು. ಅಡ್ವಾನ್ಸಿನಲ್ಲಿ ಮೇಂಟೆನೆನ್ಸ್ 1,500 ಕಡಿತ.' ಅಡ್ವಾನ್ಸ್ 7,000 ಕೊಟ್ಟವನು ಜೂನ್ 1ಕ್ಕೆ ಹೇಳಿ 30ಕ್ಕೆ ಬಿಟ್ಟರೆ 5,500 ವಾಪಸು. ಅದೇ ಮಾತನ್ನು ಜೂನ್ 4ಕ್ಕೆ ಹೇಳಿದರೆ ಲೆಕ್ಕ ಜುಲೈ 1ರಿಂದ ಶುರು. ಜುಲೈ ಕೊನೆಯವರೆಗೆ ಬಾಡಿಗೆ ಕಟ್ಟಬೇಕು, ಇಲ್ಲವೇ ಅಡ್ವಾನ್ಸು ಮರೆಯಬೇಕು. ಮೂರು ದಿನದ ಮೈಗಳ್ಳತನಕ್ಕೆ ಇಷ್ಟು ದಂಡ. ಖಾಲಿ ಮಂಚಕ್ಕೆ ಹೊಸಬರು ಸಿಗುವುದು ತಿಂಗಳ ಆರಂಭದಲ್ಲಿ, ಸಂಬಳ ಬಂದ ವಾರದಲ್ಲಿ; ಆಮೇಲೆ ಆ ಮಂಚ ದುಡಿಯುವುದಿಲ್ಲ ಎಂಬುದು ಅವರ ವಾದ. ವಾದ ಸರಿಯೇ ಇರಬಹುದು, ಅದನ್ನು ಇಷ್ಟು ಸಣ್ಣ ಅಕ್ಷರದಲ್ಲಿ ಮಂಡಿಸಬೇಕೇ ಎಂಬುದು ನನ್ನ ತಕರಾರು.

ಇಷ್ಟೆಲ್ಲ ಓದಿದ ಮೇಲೆ ಹೊಳೆಯುವುದು, ನೋಟಿಸಿನಲ್ಲಿ ಇರುವುದೆಲ್ಲ ಇರುವವರಿಗೆ, ಇಟ್ಟುಕೊಂಡವರಿಗೆ ಒಂದು ಸಾಲೂ ಇಲ್ಲ. ಹಾಗೆಂದು ಅಂಥ ನಿಯಮಗಳೇ ಇಲ್ಲವೆಂದಲ್ಲ. 2024ರ ಜುಲೈನಲ್ಲಿ ಕೋರಮಂಗಲದ ಪಿ.ಜಿ.ಯೊಂದರಲ್ಲಿ ಯುವತಿಯೊಬ್ಬಳ ಕೊಲೆಯಾದ ಮೇಲೆ ಬಿಬಿಎಂಪಿ ಪಿ.ಜಿ.ಗಳಿಗೆ ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ ಇಟ್ಟು ಅದರ ದೃಶ್ಯಗಳನ್ನು 90 ದಿನ ಕಾಯ್ದಿಡುವುದು ಎಂದೆಲ್ಲ ಅದರಲ್ಲಿತ್ತು. ನನ್ನ ಲೆಕ್ಕದ 135 ಬಂದದ್ದೂ ಅಲ್ಲಿಂದಲೇ. ನಮಗೆ ತೋರಿಸಿದ ತ್ರೀ ಶೇರಿಂಗ್ ರೂಮು ಹನ್ನೆರಡಕ್ಕೆ ಹತ್ತು ಅಡಿ, ಎಂದರೆ 120 ಚದರ ಅಡಿ. ಮೂವರಿಗೆ 210 ಬೇಕು. 120ರಲ್ಲಿ ಇಬ್ಬರಿಗೂ ಸಾಲದು.

'ಅಣ್ಣಾವ್ರೇ, ಆ ನಿಯಮಾನೂ ಇಲ್ಲೇ ಒಂದು ಕಡೆ ಬರೆಸಿಬಿಡಿ' ಎಂದೆ. ಅವರು ಬೋರ್ಡನ್ನು ಮೇಲಿಂದ ಕೆಳಗಿನವರೆಗೆ ನೋಡಿ, 'ಜಾಗ ಎಲ್ಲಿದೆ ಸಾರ್?' ಎಂದರು.

ನಕ್ಕೆವು. ಆಮೇಲೆ ಟೂ ಶೇರಿಂಗ್ ರೂಮು ಕೇಳಿದೆವು, ಮೂರನೆಯ ಮಹಡಿಯಲ್ಲಿ, ಬಿಸಿನೀರಿನ ಹತ್ತಿರ. ಅಡ್ವಾನ್ಸಿನ ರಸೀದಿಯ ಹಿಂದೆ ಮೇಂಟೆನೆನ್ಸ್ ಕಡಿತ ಎಷ್ಟು, ನೋಟಿಸು ಯಾವ ತಾರೀಖಿಗೆ ಎಂಬ ಎರಡನ್ನು ದೊಡ್ಡ ಅಕ್ಷರದಲ್ಲಿ ಅವರ ಕೈಯಲ್ಲೇ ಬರೆಸಿಕೊಂಡೆ. ಅಕ್ಕನ ಮಗ ಅದರ ಫೋಟೊ ತೆಗೆದುಕೊಂಡ. ವೈಫೈ ಪಾಸ್‌ವರ್ಡನ್ನೂ ಅದರ ಕೆಳಗೇ ಬರೆಸಿಕೊಂಡ.